ದಿನಬಳಕೆಗೆ ಯಾವ ಮೂಗುಬೊಟ್ಟು ಒಳ್ಳೆಯದು?

ದಿನವಿಡೀ ಹಾಕಿಕೊಳ್ಳೋಕೆ ಮೂಗುಬೊಟ್ಟು ತಗೋಬೇಕು. ತಿರುಪಿನದ್ದೋ, ಒತ್ತಿ ಕೂರಿಸೋದೋ? ಅಳತೆ ಹೇಗೆ ನೋಡೋದು?

ಚುಚ್ಚಿದ ಗಾಯ ಪೂರ್ತಿ ಮಾಗಿದ್ದರೆ ತಿರುಪಿನದ್ದೇ ತಗೊಳ್ಳಿ. ಒತ್ತಿ ಕೂರಿಸುವುದು ಹಾಕಲು ಸಲೀಸು, ಆದರೆ ಪದೇ ಪದೇ ತೆಗೆದು ಹಾಕಿದರೆ ಹಿಡಿತ ಸಡಿಲಾಗಿ, ಮುಖ ಒರೆಸುವಾಗ ಟವೆಲಿಗೆ ಸಿಕ್ಕಿ ಬಂದುಬಿಡುತ್ತದೆ.

ಅಂಗಡಿಯಲ್ಲಿ ಎಲ್ಲರೂ ಹರಳಿನ ಗಾತ್ರ ನೋಡುತ್ತಾರೆ. ಚುಚ್ಚುವುದು ಮಾತ್ರ ಕಡ್ಡಿ. ದಪ್ಪ ಸಾಮಾನ್ಯವಾಗಿ 0.8 ಮಿ.ಮೀ. ಆಸುಪಾಸು, ಈಗಿರುವುದಕ್ಕಿಂತ ದಪ್ಪದ್ದನ್ನು ಬಲವಂತವಾಗಿ ತೂರಿಸಬೇಡಿ. ಉದ್ದ ಸರಿಯಿದೆಯೇ ಎಂದು ತಿಳಿಯಲು ತಿರುಪು ಹಾಕಿ, ಬೊಟ್ಟನ್ನು ಮೆಲ್ಲಗೆ ಹೊರಗೆಳೆಯಿರಿ. ಕೂದಲೆಳೆಯಷ್ಟಾದರೂ ಅಲ್ಲಾಡಬೇಕು.

ಬಿದ್ದುಹೋಗುವ ಭಯಕ್ಕೆ ನಾನೊಮ್ಮೆ ಕೊನೆಯವರೆಗೂ ತಿರುಗಿಸಿದ್ದೆ. ಎರಡು ದಿನಕ್ಕೆ ಊದಿ, ಹರಳು ಚರ್ಮದೊಳಗೆ ಇಳಿದಂತಾಯಿತು. ತಿರುಪು ಸಡಿಲಿಸಿದ ಮೇಲೆ ಊತ ಇಳಿಯಿತು. ಹಾಗಾಗಿ ತಿರುಪಿನ ಬಿಲ್ಲೆ ಮೂಗಿನೊಳಗೆ ಚರ್ಮಕ್ಕೆ ತಾಕಿದ ತಕ್ಷಣ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ. ವಾರಕ್ಕೊಮ್ಮೆ ಸ್ನಾನವಾದ ಮೇಲೆ ತಿರುಪನ್ನು ಮುಟ್ಟಿ ನೋಡಿ. ತಿರುಪಿನ ಎಳೆಗಳಲ್ಲೇ ಕೊಳೆಯೂ ಕೂರುವುದು.

ನೆಗಡಿಯಾಗಿ ಮೂಗು ಒರೆಸುವಾಗ ಒಳಗಿನ ಬಿಲ್ಲೆಯ ಅಂಚು ಕೊರೆದರೆ, ಚಪ್ಪಟೆ, ನುಣುಪು ಬಿಲ್ಲೆಯದ್ದಕ್ಕೆ ಬದಲಿಸಿ. ತುರಿಕೆಯಿದ್ದರೆ ಅನುಮಾನ ನಿಕ್ಕಲ್ ಮೇಲೆ. ಟೈಟೇನಿಯಂ ಹಾಕಿ ನೋಡಿ.