ಟ್ಯಾಂಕು ಒಂಟಿಯಾಗಿ ಹೋದಾಗಲೆಲ್ಲ ಸತ್ತಿದೆ

ಪ್ರಶ್ನೆ: ಮೊದಲನೇ ಮಹಾಯುದ್ಧದಲ್ಲಿ ಆಮೆ ಥರ ತೆವಳ್ತಿದ್ದ ಟ್ಯಾಂಕು 1940ರಲ್ಲಿ ಆರೇ ವಾರದಲ್ಲಿ ಫ್ರಾನ್ಸನ್ನೇ ಮಲಗಿಸಿತಲ್ಲ, ನಡುವೆ ಬದಲಾಗಿದ್ದೇನು? ಎಂಜಿನ್ನಾ, ತೋಪಾ, ಇನ್ನೇನಾದರೂನಾ?

ಎಂಜಿನ್ ಸುಧಾರಿಸಿತು, ನಿಜ. ಆದರೆ ದೊಡ್ಡ ಬದಲಾವಣೆ ಆಗಿದ್ದು ಎರಡು ಕಡೆ: ಟ್ಯಾಂಕಿನೊಳಗೆ ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದರಲ್ಲಿ, ಮತ್ತು ಟ್ಯಾಂಕಿನ ಜೊತೆ ಯಾರು ಬರುತ್ತಾರೆ ಎಂಬುದರಲ್ಲಿ.

ಬ್ರಿಟಿಷರ ಮಾರ್ಕ್ 1 ಟ್ಯಾಂಕಿನ ಒಳಗನ್ನು ಊಹಿಸಿಕೊಳ್ಳಿ. 28 ಟನ್ ತೂಕ, 105 ಅಶ್ವಶಕ್ತಿಯ ಎಂಜಿನ್, ಎಂಟು ಜನ. ಎಂಜಿನ್ನಿಗೆ ಬೇರೆ ಕೋಣೆ ಇಲ್ಲ, ಜನರ ನಡುವೆಯೇ ಉರಿಯುತ್ತಾ ಕೂತಿರುತ್ತದೆ. ಸೆಕೆ, ಹೊಗೆ, ಕಾರ್ಬನ್ ಮಾನಾಕ್ಸೈಡ್; ಕೆಲವು ಗಂಟೆ ಕಳೆದರೆ ವಾಂತಿ, ತಲೆಸುತ್ತು. ಇದನ್ನು ಓಡಿಸುವುದಕ್ಕೇ ನಾಲ್ಕು ಜನ ಬೇಕು. ಚಾಲಕ ಮುಖ್ಯ ಗೇರು ನೋಡಿಕೊಂಡರೆ ಪಕ್ಕದಲ್ಲಿ ಕೂತ ಕಮಾಂಡರ್ ಬ್ರೇಕು ಹಿಡಿಯುತ್ತಾನೆ. ಹಿಂದೆ ಎಡಕ್ಕೊಬ್ಬ, ಬಲಕ್ಕೊಬ್ಬ, ತಂತಮ್ಮ ಕಡೆಯ ಚೈನಿನ ಗೇರು ಹಾಕುವವರು. ಹೆಚ್ಚು ತಿರುಗಬೇಕಾದರೆ ಟ್ಯಾಂಕು ನಿಲ್ಲಿಸಬೇಕು. ಆ ಸದ್ದಿನಲ್ಲಿ ಮಾತು ಕೇಳಿಸದು, ಹಾಗಾಗಿ ಎಂಜಿನ್ ಹೊದಿಕೆಯ ಮೇಲೆ ಬಡಿದು ಕೈಸನ್ನೆ ಮಾಡಬೇಕು. ಒಂದು ಕಡೆಯವನು ನ್ಯೂಟ್ರಲ್ಲಿಗೆ, ಇನ್ನೊಂದು ಕಡೆಯವನು ಗೇರಿಗೆ ಹಾಕಿದ ಮೇಲೆ ಗಾಡಿ ತಿರುಗುತ್ತದೆ. ಹೊರಗಿನವರಿಗೆ ಸುದ್ದಿ ಮುಟ್ಟಿಸಲು ಪಾರಿವಾಳ! 1916ರ ಸೆಪ್ಟೆಂಬರ್ 15ರಂದು, ಮೊದಲ ಬಾರಿ ಇವು ಯುದ್ಧಕ್ಕಿಳಿದ ದಿನ, 49ರಲ್ಲಿ ಹೊರಡುವ ಜಾಗಕ್ಕೆ ಮುಟ್ಟಿದ್ದು 32 ಮಾತ್ರ. ಮಿಕ್ಕವು ದಾರಿಯಲ್ಲೇ ಕೆಟ್ಟವು, ಇಲ್ಲವೇ ಹೂತವು.

ಮುಂದಿನ ವರ್ಷ ಫ್ರಾನ್ಸಿನ ಕಾಂಬ್ರೆಯಲ್ಲಿ (1917, ನವೆಂಬರ್ 20) ಬ್ರಿಟಿಷರು ಬುದ್ಧಿವಂತಿಕೆ ತೋರಿಸಿದರು. ದಿನಗಟ್ಟಲೆ ಗುಂಡಿನ ಮಳೆ ಸುರಿಸಿ ಶತ್ರುವನ್ನು ಎಚ್ಚರಿಸುವ ರೂಢಿ ಬಿಟ್ಟರು. ಗುರಿಯನ್ನು ಮೊದಲೇ ನಕ್ಷೆಯಲ್ಲಿ ಲೆಕ್ಕ ಹಾಕಿಟ್ಟುಕೊಂಡು, ಟ್ಯಾಂಕು ಹೊರಟ ಗಳಿಗೆಯಲ್ಲೇ ತೋಪು ಹಾರಿಸಿದರು. ಜರ್ಮನರ ಕಂದಕ ಟ್ಯಾಂಕು ದಾಟಲಾಗದಷ್ಟು ಅಗಲ ಇತ್ತು. ಅದಕ್ಕೆ ಪ್ರತಿ ಟ್ಯಾಂಕಿನ ಮೇಲೂ ಸರಪಳಿ ಬಿಗಿದ ಒಂದೊಂದು ದೊಡ್ಡ ಕಟ್ಟಿಗೆ ಹೊರೆ ಹೇರಿದರು. ಕವಾಯತು ಮೂರು ಟ್ಯಾಂಕಿನದು. ಮೊದಲನೆಯದು ಮುಳ್ಳುತಂತಿ ತುಳಿದು, ಕಂದಕದ ಈಚೆ ದಡದಲ್ಲೇ ಎಡಕ್ಕೆ ತಿರುಗಿ ಒಳಗಿದ್ದವರ ತಲೆ ಏಳದಂತೆ ಗುಂಡು ಹಾರಿಸುತ್ತದೆ. ಎರಡನೆಯದು ಹೊರೆ ಬೀಳಿಸಿ ಅದರ ಮೇಲೇ ದಾಟುತ್ತದೆ. ಮೂರನೆಯದು ಅದೇ ಹೊರೆ ಮೇಲೆ ದಾಟಿ ಮುಂದಿನ ಕಂದಕಕ್ಕೆ ತನ್ನ ಹೊರೆ ಹಾಕುತ್ತದೆ. ಕಾಲಾಳುಗಳು ಬೆನ್ನಿಗೇ ಬಂದು ಕಂದಕದಲ್ಲಿ ಉಳಿದವರನ್ನು ಹಿಡಿಯಬೇಕು.

ಹೆಚ್ಚಿನ ಕಡೆ ಇದು ಗಡಿಯಾರದಂತೆ ನಡೆಯಿತು, ಒಂದೇ ದಿನಕ್ಕೆ ಸುಮಾರು 8 ಕಿಲೋಮೀಟರ್ ಒಳಗೆ. ಎಡವಿದ್ದು ಫ್ಲೆಸ್ಕಿಯೆರ್ ದಿಣ್ಣೆಯಲ್ಲಿ. ಅಲ್ಲಿ 51ನೇ ಹೈಲ್ಯಾಂಡ್ ಡಿವಿಷನ್ನಿನ ಕಾಲಾಳುಗಳು ಟ್ಯಾಂಕಿಗಿಂತ ಬಹಳ ಹಿಂದೆ ಉಳಿದಿದ್ದರು. ದಿಣ್ಣೆಯ ನೆತ್ತಿ ದಾಟಿದ ಟ್ಯಾಂಕುಗಳು ಆಚೆ ಇಳಿಜಾರಿನಲ್ಲಿ ಕಾದಿದ್ದ ಜರ್ಮನ್ ಫಿರಂಗಿಗಳಿಗೆ ಒಂದೊಂದಾಗಿ ಸಿಕ್ಕವು. ಒಂದು ಫಿರಂಗಿಯ ಸುತ್ತ ಇರುವವರು ಆರೇಳು ಜನ, ಮರೆ ಇಲ್ಲದವರು. ರೈಫಲ್ ಹಿಡಿದ ಕಾಲಾಳುಗಳು ಹತ್ತಿರ ಇದ್ದಿದ್ದರೆ ಅವರನ್ನು ಅಲ್ಲಿಂದ ಎಬ್ಬಿಸಬಹುದಿತ್ತು. ಟ್ಯಾಂಕಿನ ಸೀಳುಗಂಡಿಯಿಂದ ನೋಡುವವನಿಗೆ ಫಿರಂಗಿ ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ತಪ್ಪು ಡಿವಿಷನ್ ಕಮಾಂಡರನದೋ, ಅಲ್ಲವೋ ಎಂಬ ಜಗಳ ಇತಿಹಾಸಕಾರರಲ್ಲಿ ಇನ್ನೂ ಇದೆ. ನನ್ನ ಮಟ್ಟಿಗೆ, ಆ ಅಂತರ ಬಿದ್ದ ಮೇಲೆ ಒಳಗಿದ್ದವರಿಗೆ ಹೊರಗಿನವರನ್ನು ಕರೆಯುವ ಸಾಧನವೇ ಇರಲಿಲ್ಲ ಎಂಬುದು ದೊಡ್ಡ ಕಾರಣ.

ಆ ದಿನ ಕೆಲಸಕ್ಕೆ ಬಾರದಂತಾದ 179 ಟ್ಯಾಂಕುಗಳಲ್ಲಿ ಗುಂಡಿಗೆ ಸಿಕ್ಕಿದ್ದು 65. ಕೆಟ್ಟು ನಿಂತದ್ದು 71, ಕಂದಕ ಗುಂಡಿಗಳಲ್ಲಿ ಸಿಕ್ಕಿಬಿದ್ದದ್ದು 43. ಅಂದರೆ ಶತ್ರುವಿಗಿಂತ ಯಂತ್ರ ಮತ್ತು ನೆಲವೇ ಹೆಚ್ಚು ಕಾಡಿದ್ದು. ಮಾನಿಯೆರ್ ಎಂಬಲ್ಲಿ ಕಾಲುವೆಯ ಸೇತುವೆ ಒಂದು ಟ್ಯಾಂಕಿನ ಭಾರಕ್ಕೇ ಕುಸಿದು, ಮುನ್ನುಗ್ಗಬೇಕಿದ್ದ ಕುದುರೆ ಪಡೆಯ ದಾರಿ ಕಟ್ಟಿತು. ಹತ್ತು ದಿನದಲ್ಲಿ ಜರ್ಮನರು ತಿರುಗಿಬಿದ್ದು ಕಳೆದುಕೊಂಡ ನೆಲದ ಬಹುಭಾಗ ವಾಪಸ್ ಪಡೆದರು. 1918ರ ಆಗಸ್ಟ್ 8ರ ಅಮಿಯಾನ್ ಕಾಳಗದಲ್ಲೂ ಅಷ್ಟೇ: ಮೊದಲ ದಿನ 414 ಟ್ಯಾಂಕು, ಮರುದಿನ 145, ಐದನೇ ದಿನ ಆರು. ಗೋಡೆ ಒಡೆಯಲು ಬಂತು, ಒಡೆದ ಗೋಡೆಯಿಂದ ಒಳಗೆ ಓಡಲು ಬರಲಿಲ್ಲ.

ಈಗ 1940. ಜರ್ಮನರ ಟ್ಯಾಂಕು ಫ್ರೆಂಚರದಕ್ಕಿಂತ ಒಳ್ಳೆಯದಿತ್ತು ಎಂಬುದು ತಪ್ಪು ತಿಳಿವಳಿಕೆ. ಅರ್ಧಕ್ಕಿಂತ ಹೆಚ್ಚಿನವು ಪಾಂಜರ್ 1 ಮತ್ತು 2, ಒಂದಕ್ಕೆ ಬರೀ ಮೆಷಿನ್‌ಗನ್, ಇನ್ನೊಂದಕ್ಕೆ 20 ಮಿಲಿಮೀಟರ್ ತೋಪು. ಫ್ರೆಂಚರ ಬಿ-1 ಬಿಸ್ ಟ್ಯಾಂಕಿಗೆ 60 ಮಿಲಿಮೀಟರ್ ಉಕ್ಕಿನ ಕವಚ. ಆದರೆ ತೋಪು ಹೊತ್ತು ತಿರುಗುವ ಅದರ ಗೂಡಿನಲ್ಲಿ, ಅಂದರೆ ಟರೆಟ್ಟಿನಲ್ಲಿ, ಕೂರುವವನು ಒಬ್ಬನೇ. ಅವನೇ ಗುಂಡು ತುಂಬಬೇಕು, ಗುರಿ ಹಿಡಿಯಬೇಕು, ಹೊಡೆಯಬೇಕು, ಟ್ಯಾಂಕನ್ನೂ ನಡೆಸಬೇಕು. ತಾನು ಗುಂಡು ತುಂಬುವ ಹೊತ್ತಿನಲ್ಲಿ ಆತ ಕುರುಡ. ಪಾಂಜರ್ 3 ಮತ್ತು 4ರ ಟರೆಟ್ಟಿನಲ್ಲಿ ಮೂವರು: ಒಬ್ಬ ತುಂಬುತ್ತಾನೆ, ಒಬ್ಬ ಹೊಡೆಯುತ್ತಾನೆ, ಕಮಾಂಡರ್ ಸುಮ್ಮನೆ ನೋಡುತ್ತಾನೆ, ಮಾತಾಡುತ್ತಾನೆ. ಮಾತಾಡಲು ರೇಡಿಯೊ ಇದೆ. ಫ್ರೆಂಚರ ಬಹಳಷ್ಟು ಸಣ್ಣ ಟ್ಯಾಂಕುಗಳಲ್ಲಿ ರೇಡಿಯೊನೇ ಇರಲಿಲ್ಲ.

ಫ್ರಾನ್ಸಿನ ಸೆಡಾನಿನಲ್ಲಿ ಮೇ 13ರಂದು ಜರ್ಮನರು ಮ್ಯೂಸ್ ನದಿ ದಾಟಿದ್ದನ್ನು ನೋಡಿ. ಟ್ಯಾಂಕಿನ ಯುದ್ಧ ಎಂದು ಹೆಸರಾದ ಅಲ್ಲಿ ಮೊದಲು ನದಿ ದಾಟಿದವರು ಕಾಲಾಳುಗಳು ಮತ್ತು ಸೇತುವೆ, ದಾರಿ ಕಟ್ಟುವ ಸೈನಿಕರಾದ ಸ್ಯಾಪರ್‌ಗಳು, ರಬ್ಬರ್ ದೋಣಿಯಲ್ಲಿ. ಬೆಳಗಿನಿಂದ ವಿಮಾನಗಳು ಫ್ರೆಂಚ್ ತೋಪುಪಡೆಯ ಮೇಲೆ ಬಾಂಬು ಸುರಿಸುತ್ತಲೇ ಇದ್ದವು. ಸಂಜೆ ನಾಲ್ಕರ ಸುಮಾರಿಗೆ ದೋಣಿಗಳು ನೀರಿಗಿಳಿದವು. ಟ್ಯಾಂಕುಗಳು ಈಚೆ ದಡದಲ್ಲೇ ನಿಂತು ಎದುರಿನ ಕಾಂಕ್ರೀಟ್ ಗೂಡುಗಳ ಕಿಂಡಿಗಳಿಗೆ ಹೊಡೆದವು. ರಾತ್ರಿ ಸ್ಯಾಪರ್‌ಗಳು ತೇಲುಸೇತುವೆ ಕಟ್ಟಿದ ಮೇಲಷ್ಟೇ ಅವು ದಾಟಿದ್ದು. ತಮಾಷೆ ಅಂದರೆ, ‘ಟ್ಯಾಂಕು ಬಂತು’ ಎಂಬ ಗಾಳಿಸುದ್ದಿಗೆ ಬುಲ್ಸನ್ ಬಳಿಯ ಫ್ರೆಂಚ್ ತೋಪಿನವರು ಸಂಜೆಯೇ ಜಾಗ ಬಿಟ್ಟು ಓಡಿದ್ದರು. ಆಗ ಆಚೆ ದಡದಲ್ಲಿ ಜರ್ಮನರ ಒಂದು ಟ್ಯಾಂಕೂ ಇರಲಿಲ್ಲ. ಫ್ರೆಂಚರ ಪ್ರತಿದಾಳಿಗೆ ಆಜ್ಞೆ ಕೈಸೇರಿ ಪಡೆ ಹೊರಟದ್ದು ಮರುದಿನ ಬೆಳಿಗ್ಗೆ. ಆ ಒಂದು ರಾತ್ರಿ ಸಾಕಾಯಿತು, ಎದುರಾಗಲು ಪಾಂಜರ್‌ಗಳು ದಾಟಿ ಬಂದಿದ್ದವು.

ಇದೆಲ್ಲ ಸಾಧ್ಯವಾದದ್ದು ಪಾಂಜರ್ ಡಿವಿಷನ್ನಿನೊಳಗೇ ಲಾರಿ ಏರಿದ ಕಾಲಾಳು, ಎಳೆದೊಯ್ಯುವ ತೋಪು, ಸ್ಯಾಪರ್, ವಿಮಾನ ಹೊಡೆಯುವ ಫಿರಂಗಿ, ಸಿಗ್ನಲ್‌ನವರು ಎಲ್ಲ ಒಬ್ಬನೇ ಕಮಾಂಡರನ ಕೈಕೆಳಗೆ ಇದ್ದದ್ದರಿಂದ. (ಟ್ಯಾಂಕಿಗೆ ಸ್ಯಾಪರ್ ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮದೇ ಉದಾಹರಣೆ: 1948ರ ನವೆಂಬರ್ 1ರಂದು ಕೊಡಗಿನ ತಿಮ್ಮಯ್ಯನವರು ಕಾಶ್ಮೀರದ ಜೋಜಿ ಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕು ಹತ್ತಿಸಿದ್ದು, ಮದ್ರಾಸ್ ಸ್ಯಾಪರ್ಸ್‌ನವರು ಹೇಸರಗತ್ತೆ ದಾರಿಯನ್ನು ಅಗಲ ಮಾಡಿಕೊಟ್ಟ ಮೇಲೆ. ಆ ಪಡೆಯ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ.)

ಗೆದ್ದವರು ಪಾಠ ಮರೆಯುತ್ತಾರೆ. 1967ರ ಅರಬ್ಬರ ಜೊತೆಗಿನ ಯುದ್ಧವನ್ನು ಟ್ಯಾಂಕಿನಿಂದಲೇ ಗೆದ್ದೆವೆಂದು ನಂಬಿದ ಇಸ್ರೇಲಿಗಳು ಜೊತೆಯ ಕಾಲಾಳು, ಮಾರ್ಟರ್‌ಗಳನ್ನು ಕಡೆಗಣಿಸಿದರು. 1973ರ ಅಕ್ಟೋಬರ್ 8ರಂದು ಸಿನಾಯಿಯಲ್ಲಿ ಬರೀ ಟ್ಯಾಂಕು ನುಗ್ಗಿಸಿ, ಮರಳಿನಲ್ಲಿ ಅಡಗಿದ್ದ ಈಜಿಪ್ಟಿನ ಕಾಲಾಳುಗಳ ಸ್ಯಾಗರ್ ಕ್ಷಿಪಣಿ ಮತ್ತು ಹೆಗಲ ಮೇಲಿಟ್ಟು ರಾಕೆಟ್ ಹಾರಿಸುವ ಆರ್‌ಪಿಜಿಗೆ ಸಾಲಾಗಿ ಬಲಿಕೊಟ್ಟರು. ಸ್ಯಾಗರ್ ತಂತಿಯ ಮೂಲಕ ನಡೆಸುವ ಕ್ಷಿಪಣಿ. 3 ಕಿಲೋಮೀಟರ್ ಹಾರಲು ಸುಮಾರು 25 ಸೆಕೆಂಡು ಬೇಕು, ಅಷ್ಟೂ ಹೊತ್ತು ಹಾರಿಸಿದವನು ಕಣ್ಣು ಕೀಳದೆ ಅದನ್ನು ನಡೆಸುತ್ತಿರಬೇಕು. ಅವನಿರುವ ಕಡೆಗೆ ನಾಲ್ಕು ಮಾರ್ಟರ್ ಗುಂಡು ಬಿದ್ದರೂ ಕೈ ನಡುಗಿ ಗುರಿ ತಪ್ಪುತ್ತದೆ. ಇಸ್ರೇಲಿಗಳು ಕೆಲವೇ ದಿನದಲ್ಲಿ ಮಾಡಿದ್ದು ಅದನ್ನೇ: ತೋಪು, ಮಾರ್ಟರ್‌ಗಳನ್ನು ಮುಂದಕ್ಕೆ ತಂದು, ಕಾಲಾಳುಗಳನ್ನು ಕವಚದ ಗಾಡಿಗಳಲ್ಲಿ ಟ್ಯಾಂಕಿನ ಜೊತೆಗೇ ಕಳಿಸಿದರು.