ಎಚ್‌ಬಿಎ1ಸಿ ಕಡಿಮೆ, ಮೀಟರಿನಲ್ಲಿ ಮಾತ್ರ ಹೆಚ್ಚು: ಫ್ರಕ್ಟೋಸಮೈನ್ ಬೇಕೇ?

ಪ್ರಶ್ನೆ: ಅಮ್ಮನಿಗೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂದಿದೆ. ಮನೆಯ ಗ್ಲುಕೋಮೀಟರ್ ಮಾತ್ರ ಊಟದ ಮೇಲೆ 230, 250 ತೋರಿಸುತ್ತದೆ. ರಕ್ತಹೀನತೆಗೆ ಕಬ್ಬಿಣದ ಇಂಜೆಕ್ಷನ್ ನಡೆಯುತ್ತಿದೆ. ವೈದ್ಯರು ಫ್ರಕ್ಟೋಸಮೈನ್ ಎಂಬ ಪರೀಕ್ಷೆ ಬರೆದಿದ್ದಾರೆ. ಮೀಟರ್ ಬದಲಿಸಿದರೆ ಸಾಲದೇ?

ಮೀಟರ್ ಬದಲಿಸಬೇಡಿ. ನಮ್ಮ ಮನೆಯಲ್ಲಿಯೂ ಮೊದಲು ಅನುಮಾನ ಬಿದ್ದದ್ದು ಮೀಟರಿನ ಮೇಲೆಯೇ.

ಅಪ್ಪನದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ, ಹಳೆಯ ಸಕ್ಕರೆ ಕಾಯಿಲೆ. ಮೂಲವ್ಯಾಧಿಯಿಂದ ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 6.4ಕ್ಕೆ ಇಳಿದಾಗ ಹಾಸನದಲ್ಲಿ ಎರಡು ಬಾಟಲಿ ರಕ್ತ ಕೊಟ್ಟು, ಶಸ್ತ್ರಚಿಕಿತ್ಸೆ ಮಾಡಿ, ಕಬ್ಬಿಣದ ಮಾತ್ರೆ ಬರೆದು ಕಳುಹಿಸಿದರು. ಮುಂದಿನ ತಿಂಗಳು ಸಕ್ಕರೆಯ ವೈದ್ಯರ ಬಳಿ ಹೋದಾಗ ಎಚ್‌ಬಿಎ1ಸಿ 5.9. ಅದಕ್ಕೂ ಹಿಂದಿನದು 8.4 ಇತ್ತು. ಆಸ್ಪತ್ರೆಯ ಪಥ್ಯ ಕೆಲಸ ಮಾಡಿದೆ ಎಂದು ನಾವೆಲ್ಲ ಹಿಗ್ಗಿದೆವು. ರಾತ್ರಿಯ ಇನ್ಸುಲಿನ್ ನಿಂತಿತು.

ತಪ್ಪು ನಡೆದದ್ದು ಅಲ್ಲಿಯೇ. ರಕ್ತ ಹಾಕಿಸಿದ ವಿಷಯವನ್ನು ನಾವು ಆ ವೈದ್ಯರಿಗೆ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಮೂಲವ್ಯಾಧಿಯ ಕಾಗದಗಳು ಬೇರೆ ಫೈಲಿನಲ್ಲಿದ್ದವು, ಅದು ಬೇರೆ ವೈದ್ಯರ ವಿಷಯವೆಂದು ತಿಳಿದಿದ್ದೆವು. ಅವರು 'ಈಚೆಗೆ ಏನಾದರೂ ತೊಂದರೆ ಆಗಿತ್ತೇ' ಎಂದು ಕೇಳಿದಾಗ ಅಪ್ಪ 'ಈಗ ಎಲ್ಲ ಸರಿಯಾಗಿದೆ' ಎಂದರು, ಪಕ್ಕದಲ್ಲಿದ್ದ ನಾನೂ ಸುಮ್ಮನಿದ್ದೆ. ಅವರ ಕೈಯಲ್ಲಿದ್ದದ್ದು 5.9 ಎಂದು ಬರೆದ ಒಂದೇ ಹಾಳೆ. ಆ ಬೇರೆ ಫೈಲನ್ನು ಮೇಜಿನ ಮೇಲಿಟ್ಟಿದ್ದರೆ ಆ ಸಂಖ್ಯೆಯನ್ನು ಅವರು ನಂಬುತ್ತಲೇ ಇರಲಿಲ್ಲ.

ಕಾರಣ ಸರಳ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ರಕ್ತದ ಸಕ್ಕರೆ ಅದರೊಳಗಿನ ಹಿಮೋಗ್ಲೋಬಿನ್‌ಗೆ ಅಂಟುತ್ತಾ ಹೋಗುತ್ತದೆ, ಎಚ್‌ಬಿಎ1ಸಿ ಅಳೆಯುವುದು ಆ ಅಂಟಿದ ಪಾಲನ್ನು. ಅಪ್ಪನ ಹಳೆಯ ಕಣಗಳು ಸೋರಿಹೋಗಿದ್ದವು. ಬಂದವುಗಳಲ್ಲಿ ಕೆಲವು ಸಕ್ಕರೆ ಕಾಯಿಲೆಯಿಲ್ಲದ ದಾನಿಯವು, ಉಳಿದವು ಕಬ್ಬಿಣ ಸಿಕ್ಕ ಮೇಲೆ ಮಜ್ಜೆ ಹೊಸದಾಗಿ ತಯಾರಿಸಿದವು. ಅವುಗಳಿಗೆ ಸಕ್ಕರೆ ಅಂಟಲು ಸಮಯವೇ ಸಿಕ್ಕಿರಲಿಲ್ಲ. ನಿಮ್ಮ ತಾಯಿಗೆ ನಡೆಯುತ್ತಿರುವ ಕಬ್ಬಿಣದ ಇಂಜೆಕ್ಷನ್ ಕೂಡ ಹೊಸ ಕಣಗಳನ್ನೇ ಹುಟ್ಟಿಸುತ್ತದೆ. ಚಿಕಿತ್ಸೆಯಿಲ್ಲದ ಕಬ್ಬಿಣದ ಕೊರತೆ ಇದಕ್ಕೆ ತದ್ವಿರುದ್ಧ: ಆಗ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮೀಟರ್ 190 ತೋರಿಸುತ್ತಿತ್ತು, ನಾವು ಪಟ್ಟಿ ಹಳೆಯದೆಂದು ಹೊಸ ಡಬ್ಬಿ ತಂದೆವು. ಅಷ್ಟರಲ್ಲಿ ಮೆಣಸಿನ ಬಳ್ಳಿ ಕಟ್ಟಿಸುವಾಗ ಕಾಲಿಗೆ ಚುಚ್ಚಿದ ಮುಳ್ಳು ಕೀವಾಗಿ, ಎಡಗಾಲಿನ ಕಿರುಬೆರಳನ್ನು ಉಳಿಸಿಕೊಳ್ಳಲಾಗಲಿಲ್ಲ.

ಗಾಯ ನೋಡಿದ ವೈದ್ಯರು ಎರಡೂ ಫೈಲುಗಳನ್ನು ತರಿಸಿಕೊಂಡು ಫ್ರಕ್ಟೋಸಮೈನ್ ಬರೆದರು. ಅದು ರಕ್ತಕಣದ ಗೊಡವೆಗೇ ಹೋಗುವುದಿಲ್ಲ. ರಕ್ತದ ದ್ರವಭಾಗದಲ್ಲಿರುವ ಪ್ರೋಟೀನಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿದ ಸಕ್ಕರೆಯನ್ನು ಅಳೆಯುತ್ತದೆ. ಆಲ್ಬುಮಿನ್ ಬೇಗ ಬದಲಾಗುವುದರಿಂದ ಅದು ಹೇಳುವುದು ಹಿಂದಿನ ಎರಡು ಮೂರು ವಾರಗಳ ಕಥೆ. ಖಾಲಿ ಹೊಟ್ಟೆಯ ಅಗತ್ಯವಿಲ್ಲ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಅದು ಸುಮಾರು 200ರಿಂದ 285 ಮೈಕ್ರೋಮೋಲ್ ಇರುತ್ತದೆ, ಅಪ್ಪನಿಗೆ 420 ಬಂತು. ಅದಕ್ಕೆ ಸಮನಾದ ಎಚ್‌ಬಿಎ1ಸಿಯ ಅಂದಾಜು ಲೆಕ್ಕಕ್ಕೆ ಅದನ್ನು 0.017ರಿಂದ ಗುಣಿಸಿ 1.61 ಕೂಡಿಸುತ್ತಾರೆ, 8.75 ಆಗುತ್ತದೆ. 5.9 ಎಲ್ಲಿ, 8.75 ಎಲ್ಲಿ! ಮೀಟರ್ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು. ಇನ್ಸುಲಿನ್ ಮತ್ತೆ ಶುರುವಾಗಿ ಮೂರು ವಾರಕ್ಕೆ ಮಾಡಿಸಿದಾಗ 350ಕ್ಕೆ ಇಳಿದಿತ್ತು. ಎಚ್‌ಬಿಎ1ಸಿಯನ್ನೇ ನಂಬಿ ಕುಳಿತಿದ್ದರೆ ಆ ಇಳಿತ ಕಾಣುತ್ತಲೇ ಇರಲಿಲ್ಲ.

ರಕ್ತಕಣಗಳು ಬೇಗ ಒಡೆಯುವ ಕಾಯಿಲೆ, ಹಿಮೋಗ್ಲೋಬಿನ್ನಿನದೇ ವಂಶವಾಹಿ ದೋಷ, ಡಯಾಲಿಸಿಸ್ ಇದ್ದವರಿಗೂ ವೈದ್ಯರು ಇದೇ ಕಾರಣಕ್ಕೆ ಫ್ರಕ್ಟೋಸಮೈನ್ ಬರೆಯುವುದುಂಟು. ಹಾಗೆಂದು ಇದನ್ನು ಎಲ್ಲರೂ ಪ್ರತಿ ತಿಂಗಳು ಮಾಡಿಸಬೇಕೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ರಕ್ತಕಣ ಸರಿಯಿದ್ದವರಿಗೆ ಎಚ್‌ಬಿಎ1ಸಿಯೇ ಸಾಕು. ಕಣ್ಣು, ಮೂತ್ರಪಿಂಡ ಎಷ್ಟು ಹಾಳಾಗಬಹುದೆಂಬ ದೀರ್ಘಕಾಲದ ಅಧ್ಯಯನಗಳು ನಿಂತಿರುವುದು ಅದರ ಮೇಲೆಯೇ.

ಫ್ರಕ್ಟೋಸಮೈನ್ ಕೂಡ ಸುಳ್ಳು ಹೇಳಬಲ್ಲದು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅಥವಾ ಯಕೃತ್ತು ಕೆಟ್ಟಿದ್ದರೆ ಆಲ್ಬುಮಿನ್ ಕುಸಿದು ಫಲಿತಾಂಶ ಸುಮ್ಮನೆ ಕಡಿಮೆ ಬರುತ್ತದೆ. ಥೈರಾಯ್ಡ್ ತೊಂದರೆಯೂ ಅದನ್ನು ಏರುಪೇರು ಮಾಡುತ್ತದೆ. ಆದ್ದರಿಂದ ಅದೇ ರಕ್ತದಲ್ಲಿ ಆಲ್ಬುಮಿನ್ ಕೂಡ ನೋಡಲು ಹೇಳಿ, ಅಪ್ಪನದು 4.1 ಇದ್ದುದರಿಂದಲೇ ವೈದ್ಯರು 420ನ್ನು ನಂಬಿದರು. ಜೊತೆಗೆ ಮೀಟರಿನ ಸಂಖ್ಯೆಗಳನ್ನು ಸಮಯ ಸಹಿತ ಬರೆದು, ಇಂಜೆಕ್ಷನ್ ಕೊಟ್ಟ ದಿನಾಂಕಗಳಿರುವ ಚೀಟಿಯನ್ನೂ ತೆಗೆದುಕೊಂಡು ಹೋಗಿ. ಹಿಮೋಗ್ಲೋಬಿನ್ ಒಂದು ಮಟ್ಟಕ್ಕೆ ಬಂದು ನಿಂತು ಮೂರು ನಾಲ್ಕು ತಿಂಗಳಾದ ಮೇಲೆ ಎಚ್‌ಬಿಎ1ಸಿಗೆ ಮರಳಬಹುದೇ ಎಂದು ಅವರನ್ನೇ ಕೇಳಿ.