ಎಸ್.ಬಿ. ಬಂದಿತ್ತು, ಎ.ಡಿ. ಬರಲಿಲ್ಲ

ವಿಮಾನದ ವಿನ್ಯಾಸ ಸರಿಯಿದೆ ಅಂತ ಟೈಪ್ ಸರ್ಟಿಫಿಕೇಟ್ ಕೊಡೋಕೆ ಮುಂಚೆ ವರ್ಷಗಟ್ಟಲೆ ಪರೀಕ್ಷೆ ಮಾಡಿರ್ತಾರಲ್ಲ ಸಾರ್, ಆಮೇಲೂ ದೋಷ ಸರಿಪಡಿಸಿ ಅನ್ನೋ ಸರ್ಕಾರದ ಕಡ್ಡಾಯ ಆದೇಶ, ಅದೇ ಎ.ಡಿ., ಯಾಕೆ ಬೇಕು? ತಪ್ಪಿದ್ರೆ ಕಂಪನಿಯೇ ಸರ್ವಿಸ್ ಬುಲೆಟಿನ್, ಅಂದ್ರೆ ಎಸ್.ಬಿ., ಕಳಿಸುತ್ತೆ. ಅದು ಸಾಲದಾ?
— ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಟ್ಟಿಲ್ಲ. ಸಾಲದು ಅನ್ನುವುದಕ್ಕೆ ಡಿಸಿ-10 ಎಂಬ ಪ್ರಯಾಣಿಕ ವಿಮಾನದ ಸರಕು ಬಾಗಿಲಿನ ಕಥೆ ಸಾಕು. ಅದನ್ನು ಒಮ್ಮೆ ಪೂರ್ತಿ ಹೇಳಿಬಿಡುತ್ತೇನೆ.

ಪ್ರಯಾಣಿಕರ ಬಾಗಿಲುಗಳನ್ನು ಸಾಮಾನ್ಯವಾಗಿ ಒಳಗಿನ ಗಾಳಿಯ ಒತ್ತಡವೇ ಚೌಕಟ್ಟಿಗೆ ಅದುಮಿ ಹಿಡಿದಿರುತ್ತದೆ. ಡಿಸಿ-10ರ ಹಿಂಬದಿಯ ಸರಕು ಬಾಗಿಲು ಹಾಗಲ್ಲ, ಹೊರಕ್ಕೆ ತೆರೆಯುವಂಥದ್ದು. ವಿಮಾನ ಮೇಲೇರಿದಷ್ಟೂ ಒತ್ತಡ ಅದನ್ನು ಹೊರಕ್ಕೆ ನೂಕುತ್ತದೆ. ತಡೆದು ನಿಲ್ಲಿಸುವುದು ಬಾಗಿಲಿನ ಕೆಳಂಚಿನ ಕೊಕ್ಕೆಗಳು ಮಾತ್ರ. ಒಂದು ವಿದ್ಯುತ್ ಮೋಟಾರು ಆ ಕೊಕ್ಕೆಗಳನ್ನು ಪೂರ್ತಿ ತಿರುಗಿಸಬೇಕು. ಆಮೇಲೆ ಸರಕು ತುಂಬುವ ಲೋಡರ್ ಹೊರಗಿನ ಹಿಡಿಕೆಯನ್ನು ಒತ್ತಿದರೆ ಲಾಕ್ ಪಿನ್‌ಗಳು ಸರಿದು ಕೊಕ್ಕೆಗಳನ್ನು ಭದ್ರ ಮಾಡುತ್ತವೆ. ಕೊಕ್ಕೆ ಅರ್ಧಕ್ಕೇ ನಿಂತಿದ್ದರೆ ಪಿನ್‌ಗೆ ದಾರಿಯಿಲ್ಲ, ಹಿಡಿಕೆ ಕೂರುವುದಿಲ್ಲ, ಲೋಡರ್‌ಗೆ ತಪ್ಪು ಗೊತ್ತಾಗುತ್ತದೆ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಹಿಡಿಕೆಗೂ ಪಿನ್‌ಗೂ ನಡುವಿನ ಸಲಾಕೆಗಳು ಬಾಗುವಷ್ಟು ಮೆತ್ತಗಿದ್ದವು. ಜೋರು ಮಾಡಿದರೆ ಸಲಾಕೆ ಬಾಗಿ ಹಿಡಿಕೆ ಕೂತೇಬಿಡುತ್ತಿತ್ತು. ಕಾಕ್‌ಪಿಟ್‌ನ ಎಚ್ಚರಿಕೆ ದೀಪವೂ ಆರುತ್ತಿತ್ತು.

1970ರಲ್ಲಿ ನೆಲದ ಮೇಲೆ ಒತ್ತಡ ಪರೀಕ್ಷೆ ಮಾಡುವಾಗಲೇ ಒಂದು ಸರಕು ಬಾಗಿಲು ಸಿಡಿದು ಕ್ಯಾಬಿನ್ನಿನ ನೆಲ ಕುಸಿದಿತ್ತು. ಅಷ್ಟಿಷ್ಟು ತಿದ್ದಿದರು, 1971ರ ಜುಲೈಯಲ್ಲಿ ಟೈಪ್ ಸರ್ಟಿಫಿಕೇಟ್ ಸಿಕ್ಕಿತು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆ ಪರೀಕ್ಷೆಗಳಲ್ಲಿ ಹಿಡಿಕೆ ಒತ್ತಿದವರು ಆ ಬಾಗಿಲು ಗೊತ್ತಿದ್ದವರು. ಸೇವೆಗೆ ಬಂದ ಮೇಲೆ ಒತ್ತುವವನು ಮಳೆಯಲ್ಲಿ ನಿಂತ, ಹೊತ್ತಾಯಿತು ಎಂದು ಬೈಸಿಕೊಳ್ಳುತ್ತಿರುವ ಲೋಡರ್.

1972ರ ಜೂನ್ 12ರಂದು ಡೆಟ್ರಾಯಿಟ್‌ನಲ್ಲಿ ಹಾಗೇ ಆಯಿತು. ಅಮೆರಿಕನ್ ಏರ್‌ಲೈನ್ಸ್ ವಿಮಾನದ ಹಿಡಿಕೆ ಕೂರಲಿಲ್ಲ, ಲೋಡರ್ ಮೊಣಕಾಲು ಕೊಟ್ಟು ಕೂರಿಸಿದ. ಕೆನಡಾದ ವಿಂಡ್ಸರ್ ಊರಿನ ಮೇಲೆ, ಸುಮಾರು 12,000 ಅಡಿ ಎತ್ತರದಲ್ಲಿ, ಬಾಗಿಲು ಹಾರಿಹೋಯಿತು. ಸರಕಿನ ಕೋಣೆಯ ಗಾಳಿ ಒಮ್ಮೆಲೇ ಹೊರನುಗ್ಗಿತು, ಮೇಲಿನ ಕ್ಯಾಬಿನ್ನಿನಲ್ಲಿ ಒತ್ತಡ ಹಾಗೇ ಉಳಿಯಿತು, ನಡುವಿನ ನೆಲ ಕೆಳಕ್ಕೆ ಕುಸಿಯಿತು. ಬಾಲದ ರೆಕ್ಕೆಗಳನ್ನು ಕಾಕ್‌ಪಿಟ್‌ನಿಂದ ಆಡಿಸುವ ಕೇಬಲ್‌ಗಳು ಆ ನೆಲದ ತೊಲೆಗಳ ಮೂಲಕವೇ ಹಾದಿದ್ದವು. ಕೆಲವು ಕೇಬಲ್ ಉಳಿದಿದ್ದರಿಂದ ಪೈಲಟ್ ಹೇಗೋ ಇಳಿಸಿದ. ಒಳಗಿದ್ದ 67 ಜನರೂ ಬದುಕಿದರು.

ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎಯ ಲಾಸ್ ಏಂಜಲೀಸ್ ಕಚೇರಿ ಎ.ಡಿ. ಕರಡು ಸಿದ್ಧಮಾಡಿತು. ಅಷ್ಟರಲ್ಲಿ ಎಫ್‌ಎಎ ಮುಖ್ಯಸ್ಥ ಜಾನ್ ಶೇಫರ್ ಮತ್ತು ಡಿಸಿ-10 ತಯಾರಿಸಿದ ಡಗ್ಲಸ್ ಕಂಪನಿಯ ಅಧ್ಯಕ್ಷ ಜಾಕ್ಸನ್ ಮೆಗೊವನ್ ಫೋನಿನಲ್ಲಿ ಮಾತಾಡಿಕೊಂಡರು. ಎ.ಡಿ. ಬೇಡ, ಸರ್ವಿಸ್ ಬುಲೆಟಿನ್‌ನಲ್ಲೇ ಸರಿಪಡಿಸುತ್ತೇವೆ ಎಂದಾಯಿತು. ‘ದೊಡ್ಡ ಮನುಷ್ಯರ ಒಪ್ಪಂದ’ ಎಂದು ಅದಕ್ಕೆ ಹೆಸರೇ ಬಿತ್ತು.

ಬುಲೆಟಿನ್‌ನಲ್ಲಿದ್ದ ಕೆಲಸ ತಪ್ಪೇನಲ್ಲ. ಸಲಾಕೆ ಬಾಗದಂತೆ ಒಂದು ಆಧಾರದ ಪಟ್ಟಿ ಹಾಕಿ, ಪಿನ್ ಇನ್ನಷ್ಟು ದೂರ ಸರಿಯುವಂತೆ ಹೊಂದಿಸಿ, ಪಿನ್ ಕಾಣುವಂತೆ ಬಾಗಿಲಿಗೆ ಒಂದು ಇಣುಕುಗಿಂಡಿ ಇಡಿ ಎಂದಿತ್ತು. ಕೊರತೆ ಇದ್ದದ್ದು ಕಾಗದದ ತೂಕದಲ್ಲಿ. ಎಸ್.ಬಿ. ಎಂದರೆ ತಯಾರಕರ ಸಲಹೆ, ಏರ್‌ಲೈನ್ ಬಿಡುವಾದಾಗ ಮಾಡಬಹುದು. ಎ.ಡಿ. ಎಂದರೆ ಕಾನೂನು. ಯಾವ ಸೀರಿಯಲ್ ನಂಬರಿನ ವಿಮಾನಗಳಿಗೆ, ಏನು ಕೆಲಸ, ಎಷ್ಟು ಹಾರಾಟದ ಗಂಟೆ ಅಥವಾ ಎಷ್ಟು ದಿನದೊಳಗೆ, ಎಲ್ಲ ಅದರಲ್ಲಿರುತ್ತದೆ. ಗಡುವು ದಾಟಿದರೆ ಆ ವಿಮಾನ ಹಾರುವಂತಿಲ್ಲ, ಅಷ್ಟೇ.

ತಯಾರಾದ ಡಿಸಿ-10ಗಳಲ್ಲಿ 29ನೆಯದು, ಮುಂದೆ ಟರ್ಕಿಶ್ ಏರ್‌ಲೈನ್ಸ್‌ಗೆ ಹೋದದ್ದು, ಆಗಿನ್ನೂ ಕಾರ್ಖಾನೆಯವರ ಕೈಯಲ್ಲೇ ಇತ್ತು. ದಾಖಲೆಯಲ್ಲಿ ಆಧಾರದ ಪಟ್ಟಿ ಹಾಕಿದ್ದಕ್ಕೆ ಮುದ್ರೆ ಬಿದ್ದಿತ್ತು, ಬಾಗಿಲಿನಲ್ಲಿ ಪಟ್ಟಿ ಇರಲಿಲ್ಲ. ಪಿನ್‌ಗಳನ್ನು ಮತ್ತೆ ಹೊಂದಿಸಿದ್ದರು, ಅದೂ ತಿರುಗುಮುರುಗಾಗಿ. ಹಿಡಿಕೆಯನ್ನು ಬಲವಂತವಾಗಿ ಕೂರಿಸುವುದು ಮೊದಲಿಗಿಂತ ಸಲೀಸಾಯಿತು. 1974ರ ಮಾರ್ಚ್ 3ರಂದು ಪ್ಯಾರಿಸ್‌ನ ಓರ್ಲಿಯಲ್ಲಿ ಲೋಡರ್ ಹಿಡಿಕೆ ಒತ್ತಿದ, ಸುಲಭವಾಗಿ ಕೂತಿತು. ಬಾಗಿಲಿನ ಎಚ್ಚರಿಕೆ ಬರಹ ಅವನು ಓದಲಾರದ ಭಾಷೆಗಳಲ್ಲಿತ್ತು. ಇಣುಕುಗಿಂಡಿಯಲ್ಲಿ ಯಾರೂ ಇಣುಕಲಿಲ್ಲ. ಈ ಸಲ ವಿಮಾನ ತುಂಬಿತ್ತು, ಬಾಗಿಲು ಹಾರಿ ನೆಲ ಕುಸಿದಾಗ ಕೇಬಲ್‌ಗಳು ಉಳಿಯಲಿಲ್ಲ. ಎರ್ಮನಾನ್ವಿಲ್ ಕಾಡಿನಲ್ಲಿ 346 ಜನ ಹೋದರು.

ಎ.ಡಿ. ಇದ್ದಿದ್ದರೆ ಉಳಿಯುತ್ತಿದ್ದರಾ? ಖಂಡಿತ ಎನ್ನಲಾರೆ. ಸುಳ್ಳು ಮುದ್ರೆ ಎ.ಡಿ.ಯ ಮೇಲೂ ಬೀಳಬಹುದು. ಆದರೆ ಎ.ಡಿ. ಇದ್ದಿದ್ದರೆ ಬೇರೆ ದೇಶಗಳ ನಿಯಂತ್ರಕರಿಗೂ, ವಿಮಾನ ಕೊಂಡವರಿಗೂ ಆ ಬಾಗಿಲು ಅಪಾಯ ಎಂದು ಬರಹದಲ್ಲಿ ಗೊತ್ತಿರುತ್ತಿತ್ತು, ಕೆಲಸ ಆಗಿದೆಯೇ ಎಂದು ಇನ್ನೊಬ್ಬ ನೋಡಬೇಕಾಗುತ್ತಿತ್ತು. ನನ್ನದೇ ಅನುಭವ ಹೇಳುತ್ತೇನೆ. ಒಂದು ಹ್ಯಾಂಗರಿನಲ್ಲಿ ಎ.ಡಿ. ಪಟ್ಟಿ ಸಾಲಾಗಿ ಸಹಿಯಾಗಿತ್ತು. ಒಂದರ ಬಗ್ಗೆ ಅನುಮಾನ ಬಂದು ಪ್ಯಾನೆಲ್ ಬಿಚ್ಚಿಸಿದೆ. ಸ್ಕ್ರೂ ತಲೆಗಳ ಮೇಲೆ ಹಳೇ ಪೇಂಟ್ ಒಡೆದೇ ಇರಲಿಲ್ಲ. ಅಂದಿನಿಂದ ಸಹಿಗಿಂತ ಮೊದಲು ಸ್ಕ್ರೂ ನೋಡುತ್ತೇನೆ.

ಪ್ಯಾರಿಸ್ ಆದ ಮೇಲೆ ಬಾಗಿಲಿನ ಲಾಕಿಗೆ ಎ.ಡಿ. ಬಂತು. 1975ರಲ್ಲಿ ನೆಲದ ಬಗ್ಗೆಯೂ ಬಂತು. ಅದು ಡಿಸಿ-10 ಒಂದಕ್ಕೇ ಅಲ್ಲ, ಬೋಯಿಂಗ್ 747ರಂಥ ಬೇರೆ ಅಗಲದ ವಿಮಾನಗಳಿಗೂ ಅನ್ವಯಿಸಿತು. ಕೆಳಗೆ 20 ಚದರ ಅಡಿ ತೂತು ಬಿದ್ದರೂ ನೆಲ ಕುಸಿಯಬಾರದು ಎಂದು ಗಾಳಿ ಹರಿಯುವ ಕಿಂಡಿಗಳನ್ನು ಇಡಿಸಿದರು. ಬಾಗಿಲು ತೆರೆಯದಂತೆ ನೋಡಿಕೊಂಡರೆ ಸಾಕು ಎಂಬ ವಾದ ಅಲ್ಲಿಗೆ ಮುಗಿಯಿತು.

ಅಮೆರಿಕದ ಎ.ಡಿ. ನಮ್ಮ ವಿಮಾನಕ್ಕೆ ಯಾಕೆ ಅನ್ವಯಿಸಬೇಕು?

ವಿನ್ಯಾಸ ಅಲ್ಲಿಯದು, ಅದರ ಟೈಪ್ ಸರ್ಟಿಫಿಕೇಟ್ ಅಲ್ಲಿಯದು, ದೋಷ ಮೊದಲು ಗೊತ್ತಾಗುವುದೂ ಅಲ್ಲಿಯೇ. ಅವರು ಹೊರಡಿಸಿದ್ದನ್ನು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಇಲ್ಲಿ ಕಡ್ಡಾಯ ಮಾಡುತ್ತದೆ. ಸ್ವಾಭಿಮಾನದ ಪ್ರಶ್ನೆ ಇದರಲ್ಲಿಲ್ಲ.

ಯೂಟ್ಯೂಬ್‌ನಲ್ಲಿ ಒಬ್ಬರು ಎ.ಡಿ. ಎಣಿಸಿ ಯಾವ ವಿಮಾನ ಡೇಂಜರ್ ಅಂತ ರ‍್ಯಾಂಕ್ ಕೊಟ್ಟಿದ್ದಾರೆ. ನಂಬಬಹುದಾ?

ಮಾತ್ರೆ ಎಣಿಸಿ ರೋಗ ಹೇಳುವ ವೈದ್ಯನ ಹತ್ತಿರ ಹೋಗುತ್ತೀರಾ? ವಿಂಡ್ಸರ್ ಆದ ಮೇಲೆ ಆ ಬಾಗಿಲಿಗೆ ಒಂದು ಎ.ಡಿ. ಕಡಿಮೆ ಇತ್ತು, ಆತನ ಪಟ್ಟಿಯಲ್ಲಿ ಡಿಸಿ-10 ಅಷ್ಟು ಹೆಚ್ಚು ಸೇಫ್ ಎನಿಸಿಕೊಳ್ಳುತ್ತಿತ್ತು.

ಯಾವ ಸೀಟು ಸೇಫ್?

ಬೆಲ್ಟ್ ಕಟ್ಟಿಕೊಂಡದ್ದು.

ಒಮ್ಮೆ ಕೊಟ್ಟ ಟೈಪ್ ಸರ್ಟಿಫಿಕೇಟನ್ನು ವಾಪಸ್ ಪಡೆದದ್ದು ಉಂಟಾ?

ಉಂಟು, ಅದೂ ಇದೇ ಡಿಸಿ-10ರದು. 1979ರ ಮೇ 25ರಂದು ಶಿಕಾಗೊದಲ್ಲಿ ಮೇಲೇಳುವಾಗಲೇ ಎಡ ರೆಕ್ಕೆಯ ಎಂಜಿನ್ ಕಿತ್ತುಹೋಗಿ ವಿಮಾನ ಬಿತ್ತು. ಜೂನ್ 6ರಂದು ಎಫ್‌ಎಎ ಟೈಪ್ ಸರ್ಟಿಫಿಕೇಟನ್ನೇ ಅಮಾನತು ಮಾಡಿತು, ಜುಲೈ 13ಕ್ಕೆ ಹಿಂದಿರುಗಿಸಿತು. ತನಿಖೆಯಲ್ಲಿ ಗೊತ್ತಾದದ್ದು ಇದು: ಎಂಜಿನ್ ಬೇರೆ, ಅದನ್ನು ರೆಕ್ಕೆಗೆ ಕಟ್ಟುವ ಪೈಲಾನ್ ಬೇರೆ ಬಿಚ್ಚಬೇಕಾದ ಕಡೆ, ಸಮಯ ಉಳಿಸಲು ಏರ್‌ಲೈನ್‌ನವರು ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್ ಮೇಲೆ ಇಳಿಸಿ ಏರಿಸುತ್ತಿದ್ದರು. ಆ ಎಳೆದಾಟದಲ್ಲಿ ಪೈಲಾನ್‌ನ ಹಿಂತುದಿ ಬಿರುಕು ಬಿಟ್ಟಿತ್ತು. ಹುಡುಕಿದಾಗ ಬೇರೆ ವಿಮಾನಗಳಲ್ಲೂ ಅಂಥದೇ ಬಿರುಕು ಸಿಕ್ಕವು.